ಅದೇ ಮರಿ, ಅದೇ ಫೀಡ್: ಮಳೆಗಾಲದಲ್ಲಿ ಎಫ್‌ಸಿಆರ್ ಯಾಕೆ ಕೆಡುತ್ತದೆ?

ಪ್ರಶ್ನೆ: ಅಂಕೋಲಾ ಕಡೆಯ ಬ್ರಾಯ್ಲರ್ ಫಾರ್ಮ್‌ಗಳಲ್ಲಿ ಬೇಸಿಗೆಗಿಂತ ಜುಲೈ ಬ್ಯಾಚಿನ ಎಫ್‌ಸಿಆರ್ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ಸೆಕೆಯೂ ಕಡಿಮೆ. ಮತ್ತೆ ಯಾಕೆ ಹೀಗೆ?

ಉತ್ತರ: ಮೊದಲು ಲೆಕ್ಕ ನೋಡೋಣ. ತಿಂದ ಫೀಡನ್ನು ಮಾರಿದ ತೂಕದಿಂದ ಭಾಗಿಸಿದರೆ ಎಫ್‌ಸಿಆರ್. ಸಾವಿರ ಮರಿಯ ಶೆಡ್ಡಿನಲ್ಲಿ 3400 ಕಿಲೋ ಫೀಡ್ ಖರ್ಚಾಗಿ 2000 ಕಿಲೋ ಕೋಳಿ ಮಾರಿದರು ಅನ್ನಿ, ಆಗ ಅದು 1.7. ಅಷ್ಟೇ ಫೀಡಿಗೆ 1790 ಕಿಲೋ ಮಾತ್ರ ಬಂದರೆ 1.9. ಈ ತೂಕಕ್ಕೆ 1.7ರ ಲೆಕ್ಕದಲ್ಲಿ 3043 ಕಿಲೋ ಸಾಕಿತ್ತು. ಅಂದರೆ 50 ಕಿಲೋದ ಏಳು ಚೀಲ ಸುಮ್ನೆ ಹೋಯಿತು. ಸತ್ತ ಕೋಳಿ ತಿಂದದ್ದೂ ಇದರಲ್ಲೇ ಸೇರುತ್ತದೆ. ಹಾಗಾಗಿ ಮೊದಲ ವಾರ ಸತ್ತ ಮರಿಗಿಂತ ಐದನೇ ವಾರ ಸತ್ತ ಕೋಳಿ ಎಫ್‌ಸಿಆರನ್ನು ಹೆಚ್ಚು ಕೆಡಿಸುತ್ತದೆ.

ಈ ಏಳು ಚೀಲ ಹೋದದ್ದೆಲ್ಲಿ? ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಕಾಲಡಿಯ ಹಾಸನ್ನು. ಕೋಳಿ ತಿಂದ ಫೀಡಿನ ತೂಕದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. ಸಾವಿರ ಕೋಳಿ ದಿನಕ್ಕೆ 150 ಕಿಲೋ ತಿಂದರೆ ನೀರು 300 ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಹಿಕ್ಕೆಯಲ್ಲಿ, ಉಸಿರಿನಲ್ಲಿ ಶೆಡ್ಡಿಗೇ ಬರುತ್ತದೆ. ಇರಚಲು ಹೊಡೆಯುತ್ತದೆ ಅಂತ ಪರದೆಯನ್ನು ಮಾಡಿನವರೆಗೂ ಎಳೆದು ಬಿಟ್ಟರೆ ಅದು ಹೊರಗೆ ಹೋಗೋದು ಹೇಗೆ?

ಒದ್ದೆ ಹಾಸಿನಲ್ಲಿ ಬ್ಯಾಕ್ಟೀರಿಯಾ ಹಿಕ್ಕೆಯ ಯೂರಿಕ್ ಆಮ್ಲವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಹೆಚ್ಚಾದರೆ ಕೋಳಿ ತಿನ್ನುವುದು ಕಡಿಮೆ, ಉಸಿರಾಟದ ರೋಗ ಹೆಚ್ಚು. ಅದಕ್ಕಿಂತ ಕೆಟ್ಟದ್ದು ಕಾಕ್ಸಿಡಿಯೋಸಿಸ್. ಈ ಕರುಳಿನ ರೋಗದ ರೋಗಾಣುವಿನ ತತ್ತಿಗಳು ಬಲಿತು ರೋಗ ಹರಡಲು ತೇವ ಬೇಕು. ರೋಗಾಣು ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಕೋಳಿ ತಿನ್ನುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಹಿಕ್ಕೆಯಲ್ಲಿ ರಕ್ತ ಕಾಣುವ ಹೊತ್ತಿಗೆ ತೂಕ ಆಗಲೇ ಕೈಬಿಟ್ಟಿರುತ್ತದೆ.

ಪರೀಕ್ಷೆ ಸುಲಭ. ಒಂದು ಹಿಡಿ ಹಾಸು ತೆಗೆದು ಅದುಮಿ. ಕೈಬಿಟ್ಟಾಗ ಉಂಡೆ ಸಡಿಲವಾಗಿ ಉದುರಿದರೆ ಸರಿ, ಗಟ್ಟಿಯಾಗಿ ನಿಂತರೆ ಒದ್ದೆ. ವಾಸನೆಯನ್ನು ನಿಂತುಕೊಂಡು ನೋಡಬೇಡಿ, ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕಣ್ಣು ಉರಿದರೆ ಆಗಲೇ ತಡವಾಗಿದೆ.

ಮಾಡಬೇಕಾದದ್ದು? ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಮೇಲೆ ಒಂದಡಿಯಷ್ಟು ತೆರೆದಿಡಿ. ಮಾಡಿನ ಅಂಚು ಮೂರ್ನಾಲ್ಕು ಅಡಿ ಹೊರಚಾಚಿದ್ದರೆ ಇರಚಲು ಅಷ್ಟಾಗಿ ಒಳಬರುವುದಿಲ್ಲ. ಹೊರಗಿನ ಗಾಳಿಯೇ ಒದ್ದೆ ಅಲ್ವಾ ಅನ್ನಬಹುದು. ಹೌದು, ಆದರೆ ಕೋಳಿಗಳ ಮೈಬಿಸಿಗೆ ಒಳಗೆ ಬಂದ ಗಾಳಿ ಕಾಯುತ್ತದೆ. ಕಾದ ಗಾಳಿ ಇನ್ನಷ್ಟು ತೇವ ಹೀರಿಕೊಂಡು ಮೇಲಿನಿಂದ ಹೊರಹೋಗುತ್ತದೆ. ಉಮಿಯ ಹಾಸು ಮೂರ್ನಾಲ್ಕು ಇಂಚು ದಪ್ಪ ಇರಲಿ, ದಿನವೂ ಕೆದಕಿ. ಡ್ರಿಂಕರ್ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ಹೆಪ್ಪುಗಟ್ಟಿದ ಹಾಸನ್ನು ತೆಗೆದು ಒಣ ಉಮಿ ಹಾಕಿ.

ಸುಣ್ಣದ ವಿಷಯದಲ್ಲಿ ಮಾತ್ರ ಜಾಗ್ರತೆ. ಸುಣ್ಣ ಕ್ಷಾರ. ಹಿಕ್ಕೆ ತುಂಬಿದ ಒದ್ದೆ ಹಾಸಿಗೆ ಅದನ್ನು ಎರಚಿದರೆ ಅಡಗಿದ್ದ ಅಮೋನಿಯಾ ಒಮ್ಮೆಲೇ ಮೇಲೇಳುತ್ತದೆ. ಬ್ಯಾಚ್ ಖಾಲಿಯಾದ ಮೇಲೆ ನೆಲಕ್ಕೆ ಬಳಿಯುವುದೇ ಒಳ್ಳೆಯದು.