ಬಾಡಿಗೆ ಕರಾರಿಗೆ ಮೊಬೈಲ್‌ನಲ್ಲೇ ಸಹಿ ಹಾಕಿದ್ದೇವೆ, ನಡೆಯುತ್ತಾ?

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಮಾಲೀಕರು ಹುಬ್ಬಳ್ಳಿಯಲ್ಲಿದ್ದಾರೆ. 11 ತಿಂಗಳ ಕರಾರಿಗೆ ಇಬ್ಬರೂ ಆಧಾರ್ ಒಟಿಪಿ ಕೊಟ್ಟು ಸಹಿ ಹಾಕಿದೆವು. 1 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ. ನಾಳೆ ತಕರಾರು ಬಂದರೆ ಈ ಸಹಿ ನಿಲ್ಲುತ್ತಾ?

ಉತ್ತರ: ಸಹಿ ನಿಲ್ಲುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಸೆಕ್ಷನ್ ಎಲೆಕ್ಟ್ರಾನಿಕ್ ಸಹಿಯನ್ನು ಒಪ್ಪುತ್ತದೆ. ಆಧಾರ್ ಒಟಿಪಿಯ ಇ-ಸೈನ್ ಅದರಡಿ ಮಾನ್ಯವಾದ ವಿಧಾನ. ಕೈಸಹಿಯ ಫೋಟೋ ತೆಗೆದು ಪಿಡಿಎಫ್‌ಗೆ ಅಂಟಿಸಿದರೆ ಕಥೆ ಬೇರೆ. ಅಷ್ಟಕ್ಕೇ ಕರಾರು ಬಿದ್ದುಹೋಗುವುದಿಲ್ಲ, ಆದರೆ "ಅದು ನಾನು ಹಾಕಿದ್ದಲ್ಲ" ಅಂತ ಮಾಲೀಕರು ಅಂದರೆ ಸಾಬೀತು ಮಾಡುವ ಪಾಡು ನಿಮ್ಮದು.

ಸಹಿ ಸರಿಯಿದ್ದರೆ ಸಾಲದು, ಸ್ಟಾಂಪ್ ಶುಲ್ಕವನ್ನೂ ಕಟ್ಟಿರಬೇಕು. ಕಟ್ಟಿಲ್ಲದಿದ್ದರೆ, ಶುಲ್ಕವನ್ನು ದಂಡ ಸಮೇತ ತೆರುವ ತನಕ ಕೋರ್ಟು ಕರಾರನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅವಧಿ ಒಂದು ವರ್ಷ ದಾಟಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಬೇಕು. ಎಲ್ಲರೂ 11 ತಿಂಗಳಿಗೇ ಬರೆಸುವುದು ಅದಕ್ಕೇ ಅಲ್ವಾ!

ಇನ್ನು ಪ್ರತಿಯ ವಿಷಯ. ಜನ ಎಡವುವುದು ಇಲ್ಲೇ ಜಾಸ್ತಿ. ಪುಟದ ಮೇಲೆ ಹೆಸರು, ತಾರೀಕು ಇರುವ ಆ ಚೌಕ ಬರೀ ತೋರಿಕೆಗೆ. ನಿಜವಾದ ಸಹಿ ಫೈಲಿನೊಳಗೆ ಇರುತ್ತದೆ. ಹಾಗಾಗಿ ಪ್ರಿಂಟ್ ತೆಗೆದರೆ ಅದು ಬರುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲೂ ಇರುವುದಿಲ್ಲ. ಪ್ರಿಂಟ್ ಆಯ್ಕೆಯಿಂದ ಹೊಸ ಪಿಡಿಎಫ್ ಮಾಡಿದರೂ ಹೋಗುತ್ತದೆ. ಸಹಿ ಆದಮೇಲೆ ಇ-ಸ್ಟಾಂಪ್ ಪುಟವನ್ನು ಬೇರೊಂದು ಆ್ಯಪ್‌ನಲ್ಲಿ ಜೋಡಿಸಿದರೂ ಸಹಿ ಕೆಡುತ್ತದೆ. ಇ-ಸ್ಟಾಂಪ್ ಮೊದಲೇ ಸೇರಿರಬೇಕು, ಸಹಿ ಆಮೇಲೆ.

ಇಬ್ಬರ ಸಹಿಯೂ ಮುಗಿದ ಮೇಲೆ ಬಂದ ಪಿಡಿಎಫ್ ಅನ್ನು ಡೌನ್‌ಲೋಡ್ ಮಾಡಿ, ಕಂಪ್ಯೂಟರಿನ ಅಡೋಬಿ ರೀಡರ್‌ನಲ್ಲಿ ತೆರೆಯಿರಿ. ಸಹಿಯ ಮೇಲೆ Validity Unknown ಅಂತ ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ ನಮ್ಮ ದೇಶದ ಪ್ರಮಾಣಪತ್ರವನ್ನು ನಂಬಲು ಆ ಸಾಫ್ಟ್‌ವೇರಿಗೆ ನೀವಿನ್ನೂ ಹೇಳಿಲ್ಲ, ಅಷ್ಟೆ. ಸಹಿಯ ನಂತರ ಫೈಲು ಬದಲಾಗಿದೆ ಅಂತ ಬಂದರೆ ಮಾತ್ರ ಆ ಪ್ರತಿಯನ್ನು ನಂಬಬೇಡಿ. ಮೂಲ ಫೈಲನ್ನೇ ಮತ್ತೆ ಇಳಿಸಿಕೊಳ್ಳಿ.

ಅದೇ ಫೈಲನ್ನು ಮಾಲೀಕರಿಗೆ ಇಮೇಲ್ ಮಾಡಿ, ನಿಮ್ಮ ಇಮೇಲ್‌ನಲ್ಲೂ ಉಳಿಯುತ್ತದೆ. ವಾಟ್ಸಾಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಬೇಡ. ಜೊತೆಗೆ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ತೆಗೆದು ಆ ಇಮೇಲ್‌ನಲ್ಲೇ ಬರೆಯಿರಿ. ವಿಂಡೋಸ್‌ನಲ್ಲಾದರೆ ಫೈಲಿರುವ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, karaaru.pdf ಇದ್ದ ಕಡೆ ನಿಮ್ಮ ಫೈಲಿನ ಹೆಸರು ಹಾಕಿ ಹೀಗೆ ಟೈಪ್ ಮಾಡಿ:

```
certutil -hashfile karaaru.pdf SHA256
```

ಬರುವ ಉದ್ದದ ಅಕ್ಷರ-ಅಂಕಿಗಳ ಸಾಲು ಆ ಫೈಲಿನ ಗುರುತು. ಫೈಲಿನೊಳಗೆ ಒಂದು ಅಂಕಿ ತಿದ್ದಿದರೂ ಸಾಲು ಪೂರ್ತಿ ಬದಲಾಗುತ್ತದೆ. ಇದು ಸುಮ್ನೆ ಹೇಳಿದ್ದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ದಾಖಲೆ ಹಾಜರುಪಡಿಸುವಾಗ ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ.

ಅಡ್ವಾನ್ಸ್ ಕೊಟ್ಟ ಬ್ಯಾಂಕ್ ವಿವರವನ್ನೂ ಅದೇ ಇಮೇಲ್‌ಗೆ ಸೇರಿಸಿಬಿಡಿ.