ಆಫರ್ ಲೆಟರ್ ಬಾರದಿದ್ದಾಗ ಕಂಪನಿಗೆ ಏನು ಬರೆಯಬೇಕು?

ಕ್ಯಾಂಪಸ್ ಸಂದರ್ಶನ ಮುಗಿದು ಕಂಪನಿಯಿಂದ ಆಯ್ಕೆ ಪಟ್ಟಿ ಬಂದ ದಿನ ಕಾಲೇಜಿನಲ್ಲಿ ಎಲ್ಲರಿಗೂ ಖುಷಿ. ಆದರೆ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಹೆಸರು ಮಾತ್ರ. ಸಂಬಳ, ಹುದ್ದೆ, ಕೆಲಸದ ಊರು, ಬಾಂಡ್, ಇವೆಲ್ಲ ಗೊತ್ತಾಗುವುದು ಆಫರ್ ಲೆಟರ್ ಕೈಗೆ ಬಂದಾಗಲೇ. ಅಷ್ಟರಲ್ಲಿ ‘ಒಬ್ಬರಿಗೆ ಒಂದೇ ಕೆಲಸ’ ಎಂಬ ನಿಯಮದಂತೆ ಪ್ಲೇಸ್‌ಮೆಂಟ್ ವಿಭಾಗದ ನಾವು ಆ ಮಕ್ಕಳನ್ನು ಮುಂದಿನ ನೇಮಕಾತಿ ಡ್ರೈವ್‌ಗಳಿಂದ ಹೊರಗಿಟ್ಟಿರುತ್ತೇವೆ. ಲೆಟರ್ ತಡವಾದರೆ ಅವರಿಗೆ ಎರಡೂ ಕಡೆ ನಷ್ಟ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಯ್ಕೆಯಾದವರು 14 ಜನ. 9 ಜನರಿಗೆ ಲೆಟರ್ ಬಂದಿದೆ, 5 ಜನರಿಗೆ ಇಲ್ಲ. ಕೂಡಲೇ ಎಚ್‌ಆರ್‌ಗೆ ಬರೆಯಬೇಡಿ. ಮೊದಲು ಆ ಐವರನ್ನು ಕೂರಿಸಿಕೊಂಡು ಮೇಲ್ ತೆಗೆಸಿ ನೋಡಿ. ಒಬ್ಬರದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಇನ್ನೊಬ್ಬರು ಕಂಪನಿಯ ಪೋರ್ಟಲ್‌ನಲ್ಲಿ ಅಂಕಪಟ್ಟಿ ಅಪ್‌ಲೋಡ್ ಮಾಡಿರುವುದೇ ಇಲ್ಲ. ಈಗ ನಿಜವಾಗಿ ಬಾಕಿ ಉಳಿದವರು ಮೂವರು. ಅವರಿಗಾಗಿ ಮಾತ್ರ ಬರೆಯಬೇಕು.

‘ದಯವಿಟ್ಟು ಬೇಗ ಕಳಿಸಿ’ ಅಂತ ಬರೆದರೆ ‘ಪ್ರೋಸೆಸ್‌ನಲ್ಲಿದೆ’ ಎಂಬ ಉತ್ತರ ಬರುತ್ತದೆ, ಅಷ್ಟೇ. ನಾನು ಬರೆಯುವ ಮೇಲ್‌ನ ಒಕ್ಕಣೆ ಹೀಗಿರುತ್ತದೆ:

“ಮೇಡಂ, ನಮಸ್ಕಾರ. ನಿಮ್ಮ ಆಯ್ಕೆ ಪಟ್ಟಿಯ 14 ವಿದ್ಯಾರ್ಥಿಗಳಲ್ಲಿ 11 ಜನರಿಗೆ ಆಫರ್ ಲೆಟರ್ ಬಂದಿದೆ ಅಥವಾ ಅವರ ಕಡೆಯಿಂದ ದಾಖಲೆ ಬಾಕಿ ಇದೆ. ಉಳಿದ ಮೂವರ ಹೆಸರು, ಯುಎಸ್‌ಎನ್, ನೋಂದಾಯಿಸಿದ ಮೇಲ್ ಐಡಿ ಕೆಳಗಿದೆ. ಮೂವರೂ ದಾಖಲೆ ಸಲ್ಲಿಸಿದ್ದಾರೆ. ಇವರಿಗೆ ಲೆಟರ್ ಯಾವ ದಿನ ತಲುಪುತ್ತದೆ, ಅಥವಾ ಯಾವ ಹಂತದಲ್ಲಿ ನಿಂತಿದೆ ಎಂದು ಈ ತಿಂಗಳ 15ರೊಳಗೆ ತಿಳಿಸಿ. ಅಷ್ಟರಲ್ಲಿ ಖಚಿತವಾಗದಿದ್ದರೆ ಇವರಿಗೆ ಬೇರೆ ಡ್ರೈವ್‌ಗಳಲ್ಲಿ ಕೂರಲು ಅವಕಾಶ ಕೊಡುತ್ತೇವೆ.”

ಕೊನೆಯ ಸಾಲು ಬೆದರಿಕೆ ಅಲ್ಲ, ಮಾಹಿತಿ. ಅದನ್ನು ಬರೆಯಲು ಎಷ್ಟೋ ಜನ ಹಿಂಜರಿಯುತ್ತಾರೆ, ಮುಂದಿನ ವರ್ಷ ಕಂಪನಿ ಬಾರದಿದ್ದರೆ ಎಂಬ ಭಯ. ನನಗಂತೂ ಮಕ್ಕಳ ಈ ವರ್ಷವೇ ಮುಖ್ಯ. ಆದರೆ ಬರೆದ ಮೇಲೆ 16ಕ್ಕೆ ನಿಜವಾಗಿಯೂ ಅವಕಾಶ ಕೊಡಬೇಕು. ಇದಕ್ಕೆ ಪ್ರಾಂಶುಪಾಲರ ಒಪ್ಪಿಗೆ ಮೊದಲೇ ಪಡೆದಿರಬೇಕು.

ಆಯ್ಕೆ ಪಟ್ಟಿ ಬಂದ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ. ಎಚ್‌ಆರ್ ಬದಲಾಗಿದ್ದರೂ ಹೊಸಬರಿಗೆ ಹಿಂದಿನದೆಲ್ಲ ಒಂದೇ ಕಡೆ ಸಿಗುತ್ತದೆ. ವಿದ್ಯಾರ್ಥಿಗಳು, ಪೋಷಕರು ಬೇರೆ ಬೇರೆಯಾಗಿ ಫೋನ್ ಮಾಡದಂತೆ ನೋಡಿಕೊಳ್ಳಿ. ನಾಲ್ಕು ಕಡೆಯಿಂದ ಕರೆ ಹೋದರೆ ಯಾರಿಗೆ ಏನು ಹೇಳಿದೆವು ಎಂಬುದೇ ಎಚ್‌ಆರ್‌ಗೆ ನೆನಪಿರುವುದಿಲ್ಲ. ಮತ್ತೆ, ಎಚ್‌ಆರ್ ಫೋನಿನಲ್ಲಿ ‘ಮುಂದಿನ ವಾರ ಬರುತ್ತೆ ಸರ್’ ಅಂದರೆ ಅಲ್ಲಿಗೇ ಬಿಡಬೇಡಿ. ‘ಇಂದು ಮಾತಾಡಿದಂತೆ ಮುಂದಿನ ವಾರ ಮೂವರಿಗೂ ಲೆಟರ್ ಬರುತ್ತದೆ’ ಎಂದು ಅದೇ ಮೇಲ್‌ನಲ್ಲಿ ಎರಡು ಸಾಲು ಬರೆದು, ಸರಿಯೇ ಎಂದು ಕೇಳಿ.