ಫ್ಲೂ ಮಾತ್ರೆ: ಗಂಟೆ ಎಣಿಸುವುದು ಎಲ್ಲಿಂದ?

"ಡಾಕ್ಟ್ರೇ, ನಾಲ್ಕು ದಿನ ಪ್ಯಾರಾಸಿಟಮಾಲ್ ನುಂಗಿ ನೋಡಿದೆ, ಜ್ವರ ಬಿಡ್ತಿಲ್ಲ. ಈಗಲಾದರೂ ಆ ಫ್ಲೂ ಮಾತ್ರೆ ಬರೆದುಕೊಡಿ." ಫ್ಲೂ ಜಾಸ್ತಿಯಾದಾಗಲೆಲ್ಲ ಈ ಮಾತು ಕೇಳುತ್ತೇನೆ. ಒಸೆಲ್ಟಾಮಿವಿರ್ ಎಂಬ ಆ ಮಾತ್ರೆ ಅಂದರೆ ಬೇರೇನೂ ನಾಟದಿದ್ದಾಗ ಕೊಡುವ ಮದ್ದು ಎಂದು ಜನ ನಂಬಿದ್ದಾರೆ. ನಿಜ ತಲೆಕೆಳಗು. ಇದು ಮೊದಲ ದಿನದ ಮದ್ದು.

ಯಾಕೆ ಅಂತ ಹೇಳುತ್ತೇನೆ. ಫ್ಲೂ ವೈರಸ್ ಶ್ವಾಸನಾಳದ ಜೀವಕೋಶಕ್ಕೆ ನುಗ್ಗಿ, ಅಲ್ಲೇ ತನ್ನ ಪ್ರತಿಗಳನ್ನು ಮಾಡುತ್ತದೆ. ಹೊರಬರುವ ಹೊಸ ವೈರಸ್‌ಗಳು ಕೋಶದ ಮೈಮೇಲಿನ ಸಿಯಾಲಿಕ್ ಆಸಿಡ್ ಎಂಬ ಸಕ್ಕರೆಗೆ ಅಂಟಿಕೊಂಡಿರುತ್ತವೆ. ಬಿಡಿಸಿಕೊಳ್ಳಲು ಅವಕ್ಕೆ ನ್ಯೂರಾಮಿನಿಡೇಸ್ ಎಂಬ ಕಿಣ್ವ ಬೇಕು. ನಾವು ನುಂಗಿದ ಔಷಧ ಲಿವರ್‌ನಲ್ಲಿ ರೂಪ ಬದಲಿಸಿ, ಆ ಕಿಣ್ವಕ್ಕೆ ಅಡ್ಡ ಕೂರುತ್ತದೆ. ಕತ್ತರಿ ಬಾಯಿ ಬಿಡದಂತೆ ಕಟ್ಟಿಹಾಕಿದ ಹಾಗೆ. ಹೊಸ ವೈರಸ್ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ, ಪಕ್ಕದ ಕೋಶಕ್ಕೆ ಹೋಗಲಾರದು.

ಅಂದರೆ ಇದು ಹರಡುವುದನ್ನು ತಡೆಯುತ್ತದೆ. ಆಗಲೇ ಹಾಳಾದ ಕೋಶವನ್ನು ಸರಿಮಾಡುವುದಿಲ್ಲ. ವೈರಸ್ ಸಂಖ್ಯೆ ಏರುವುದು ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲೇ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಮಾತ್ರೆಯನ್ನು 48 ಗಂಟೆಯೊಳಗೆ ಶುರುಮಾಡಬೇಕು ಎನ್ನುವುದು. ಅದರೊಳಗೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಎಣಿಕೆಯಲ್ಲೇ ಜನ ಎಡವುತ್ತಾರೆ. ಥರ್ಮಾಮೀಟರ್ 102 ತೋರಿಸಿದ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ಹಾಗಲ್ಲ, ಮೊದಲ ಚಳಿ, ಮೊದಲ ಮೈಕೈನೋವಿನಿಂದ ಎಣಿಸಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬ ಅಜ್ಜಿಗೆ 70 ವರ್ಷ, ಸಕ್ಕರೆ ಕಾಯಿಲೆ ಮತ್ತು ಆಸ್ತಮಾ ಇದೆ. ಸೋಮವಾರ ಸಂಜೆ ಚಳಿ, ಒಣಕೆಮ್ಮು. ಮೊಮ್ಮಗನಿಗೆ ಆಗಲೇ ಫ್ಲೂ ಬಂದಿದೆ. ಇಂಥವರಿಗೆ ಮಂಗಳವಾರ ಬೆಳಿಗ್ಗೆಯೇ ಔಷಧ ಶುರುವಾಗಬೇಕು, ರಿಪೋರ್ಟ್‌ಗೆ ಕಾಯಬಾರದು. ರ್‍ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೂ ಫ್ಲೂ ಇಲ್ಲ ಎನ್ನಲಾಗದು. ಗರ್ಭಿಣಿಯರು, ಎಳೆ ಮಕ್ಕಳು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಇದೇ ಮಾತು. ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಇವರಿಗೇ ಜಾಸ್ತಿ. ಹಾಗಾಗಿ ಲಾಭವೂ ಇವರಿಗೇ ಹೆಚ್ಚು.

ಅದೇ ಅಜ್ಜಿ ಗುರುವಾರ ಏದುಸಿರು ಬಿಡುತ್ತಾ ಬಂದರೆ? ಗಡುವು ಮೀರಿದೆ ಅಂತ ಸುಮ್ನೆ ವಾಪಸ್ ಕಳಿಸುವುದಿಲ್ಲ. ಅಡ್ಮಿಟ್ ಮಾಡಿಕೊಂಡು ಆಗಲೂ ಕೊಡುತ್ತೇವೆ. ತೀವ್ರ ಕಾಯಿಲೆಯಲ್ಲಿ ವೈರಸ್ ಹೆಚ್ಚು ದಿನ ಉಳಿಯಬಹುದು. ಆದರೆ ಗಟ್ಟಿಮುಟ್ಟಾದ ಯುವಕ ನಾಲ್ಕನೇ ದಿನ ಕೇಳಿದರೆ ನಾನು ಬರೆಯುವುದಿಲ್ಲ. ಬೇಗ ಶುರುಮಾಡಿದರೂ ಅವನಿಗೆ ಸಿಗುವುದು ಹೆಚ್ಚುಕಡಿಮೆ ಒಂದು ದಿನದ ಉಳಿತಾಯ. ಈಗ ಅದೂ ಇಲ್ಲ, ವಾಂತಿ ಮಾತ್ರ ಉಳಿದೀತು.

ದೊಡ್ಡವರಿಗೆ ಸಾಮಾನ್ಯ ಡೋಸ್ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಊಟದ ಜೊತೆ ತಗೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸಬೇಕಾಗುತ್ತದೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲಿ ಉಳಿದಿದ್ದ ಹಳೇ ಮಾತ್ರೆಯನ್ನು ನೀವೇ ಶುರುಮಾಡಬೇಡಿ.